ಕೇಜಿ ಕಲ್ಲಿನ ಹೊಟ್ಟೆ

ಮೌನಪ್ಪ ಮುತ್ಯಾ ಕೇಜಿ ಕಲ್ಲನ್ನು ಬೋರಲು ಹಾಕಿದ. ತಳದ ತೂತಿನಿಂದ ನಾಲ್ಕು ಮೆಣಸಿನಕಾಯಿ ಬೀಜ ಉದುರಿದವು. ಅಲ್ಲಿ ಇರಬೇಕಾದ ಸೀಸ ಇರಲಿಲ್ಲ.

"ನೋಡ್ರಿ ಸಾಹೇಬ್ರ, ಹೊಟ್ಟಿ ಖಾಲಿ ಅದ," ಅಂದ ಮುತ್ಯಾ.

ಹುಸೇನಬೀಯ ಮೆಣಸಿನಕಾಯಿ ಚೀಲದ ಮುಂದೆ ಅರ್ಧ ಶಹಾಪುರ ಸಂತೆಯೇ ನೆರೆದಿತ್ತು. ಹಿಂದಿನ ಸಂತೆಯಲ್ಲಿ ಖಾನಾವಳಿ ರೇಣಮ್ಮ ಒಯ್ದ ಎರಡು ಕೇಜಿ ಮೆಣಸಿನಕಾಯಿ ಮನೆಯಲ್ಲಿ ತೂಗಿದಾಗ ಕಮ್ಮಿ ಬಂದಿತ್ತು. ಅವಳ ದೂರಿನ ಮೇಲೆ ತೂಕ-ಅಳತೆ ಇನ್ಸ್‌ಪೆಕ್ಟರ್ ಜಗದೇವಪ್ಪನವರು ಇವತ್ತು ಬಂದಿಳಿದಿದ್ದರು. ಜೊತೆಗೆ ತಕ್ಕಡಿ ರಿಪೇರಿಯ ಮೌನಪ್ಪ ಮುತ್ಯಾ.

ಜಗದೇವಪ್ಪನವರು ಮರದ ಪೆಟ್ಟಿಗೆ ತೆಗೆದು ತಮ್ಮ ಸಣ್ಣ ತಕ್ಕಡಿ ಎತ್ತಿ ನಿಲ್ಲಿಸಿದರು. ಒಂದು ಪರಡಿ ತಟ್ಟೆಗೆ ಇಲಾಖೆಯ ಹಿತ್ತಾಳೆ ಕಲ್ಲು, ಇನ್ನೊಂದಕ್ಕೆ ಹುಸೇನಬೀಯ ಕಬ್ಬಿಣದ ಕಲ್ಲು. ಹಿತ್ತಾಳೆಯ ಕಡೆ ದಪ್ಪನೆ ಕೆಳಗಿಳಿಯಿತು. ಕಬ್ಬಿಣದ ಕಡೆಗೆ ಅವರು ಚಿಕ್ಕ ಚಿಕ್ಕ ಕಲ್ಲು ಸೇರಿಸುತ್ತ ಹೋದರು. ಐವತ್ತು ಗ್ರಾಂ ಹಾಕಿದರು, ಏಳಲಿಲ್ಲ. ಇನ್ನೂ ಇಪ್ಪತ್ತು ಹಾಕಿದ ಮೇಲೆ ಮುಳ್ಳು ನೆಟ್ಟಗೆ ನಿಂತಿತು.

"ಎಪ್ಪತ್ತು ಗ್ರಾಂ ಕಮ್ಮಿ," ಅಂದರು. "ಕೇಜಿಗೆ ಎಪ್ಪತ್ತು!"

"ಥೂ, ಕಳ್ಳಿ!" ಯಾರೋ ಹಿಂದಿನಿಂದ ಅಂದರು. ಒಬ್ಬ ಅಂದರೆ ಸಾಕಲ್ಲ, ಸಂತೆ ಪೂರ್ತಿ ಅದನ್ನೇ ಅಂದಿತು. ಹೋದ ವಾರ ಅವಳ ಹತ್ತಿರ ಕೊಸರು ಕೇಳಿ ಕೇಳಿ ಹೆಚ್ಚಿಗೆ ಹಾಕಿಸಿಕೊಂಡವರೂ ಅಂದರು.

ಪಕ್ಕದ ಮೀನಿನ ಬುಟ್ಟಿಯ ಹಿಂದೆ ನಾನು ಕೂತಿದ್ದೆ. ಆ ಸೀಸ ಎಲ್ಲಿದೆ ಅಂತ ಇಡೀ ಸಂತೆಯಲ್ಲಿ ಬಲ್ಲವಳು ನಾನೊಬ್ಬಳೇ. ಅದು ನನ್ನ ಬಲಗಾಲಿನ ಹತ್ತಿರ, ತಗಡಿನ ಬೋಗುಣಿಯಲ್ಲಿ, ನಮ್ಮಪ್ಪನ ಬೀಸು ಬಲೆಯ ಅಂಚಿನಲ್ಲಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡುತ್ತಾರಂತೆ. ನಾನು ಬೋಗುಣಿಯ ಮೇಲೆ ಗೋಣಿ ಚೀಲ ಎಳೆದೆ.

ಆಗ ನನಗೆ ಹದಿಮೂರು. ಹೆಸರು ಸುಗಲಮ್ಮ, ಎಲ್ಲರ ಬಾಯಲ್ಲಿ ಸುಗಲಿ. ಬಾಯಿ ಬಹಳ, ಬುದ್ಧಿ ಕಮ್ಮಿ. ಇದು ನಮ್ಮವ್ವನ ಮಾತು, ನನ್ನದಲ್ಲ. ಆದರೆ ಆ ದಿನ ಬಾಯಿ ಕೂಡ ಕೈಕೊಟ್ಟಿತ್ತು.

ತೂಕದ ಕಲ್ಲು ಅಂದರೆ ಹೆಸರಿಗಷ್ಟೇ ಕಲ್ಲು. ಇರುವುದು ಆರು ಮೂಲೆಯ ಎರಕದ ಕಬ್ಬಿಣ. ಎರಕ ಹೊಯ್ದಾಗ ತೂಕ ಬರೋಬ್ಬರಿ ಬರುವುದಿಲ್ಲ. ಅದಕ್ಕೇ ತಳದಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ಅದಕ್ಕೆ ಸೀಸ ಕರಗಿಸಿ ಹೊಯ್ಯುತ್ತಾರೆ, ಹೆಚ್ಚಾದರೆ ಚಾಣದಿಂದ ಕೆತ್ತುತ್ತಾರೆ, ಹಿತ್ತಾಳೆ ಕಲ್ಲಿಗೆ ಸರಿದೂಗುವ ತನಕ ಬಿಡುವುದಿಲ್ಲ. ಸರಿದೂಗಿದ ಮೇಲೆ ಆ ಸೀಸದ ಮೇಲೆ ಇನ್ಸ್‌ಪೆಕ್ಟರು ಮುದ್ರೆ ಒತ್ತುತ್ತಾರೆ. ಸೀಸ ಮುಟ್ಟಿದರೆ ಮುದ್ರೆ ಕೆಡುತ್ತದೆ, ಮುದ್ರೆ ಕೆಟ್ಟರೆ ಕಲ್ಲು ಸುಳ್ಳು. ಎರಡು ವರ್ಷಕ್ಕೊಮ್ಮೆ ಮತ್ತೆ ತೋರಿಸಿ ಮುದ್ರೆ ಹಾಕಿಸಬೇಕು.

ಇದನ್ನೆಲ್ಲ ಈಗ ದೊಡ್ಡ ಶಾಣ್ಯಾಳ ಹಾಗೆ ಹೇಳುತ್ತಿದ್ದೇನೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಕಲ್ಲಿನ ತಳದಲ್ಲಿ ಸೀಸ ಇದೆ, ಅದು ಮೆತ್ತಗಿದೆ, ಮತ್ತು ನನ್ನ ಬಲೆಗೆ ಸೀಸ ಬೇಕಾಗಿದೆ.

ನಮ್ಮದು ಹೊಳೆದಂಡೆಯ ಮನೆತನ. ಅಪ್ಪನ ಬಲೆ ಭೀಮೆಯ ನೀರಿಗೆ ಕಟ್ಟಿದ್ದು, ಅಂಚಿಗೆ ಸುಟ್ಟ ಮಣ್ಣಿನ ಗುಂಡು. ಹೊಳೆಯ ಮಡುವಿನಲ್ಲಿ ಅಷ್ಟು ಸಾಕಿತ್ತು. ಆದರೆ ಈ ಕಡೆ ಕಾಲುವೆ ಬಂತು, ಹೊಲಕ್ಕೆಲ್ಲ ಭತ್ತ ಬಂತು, ಭತ್ತ ಬೆಳೆಯಲು ಹೊರಗಿನಿಂದ ಕ್ಯಾಂಪಿನ ಮಂದಿ ಬಂದು ನೆಲೆಸಿದರು, ಮೀನು ಕೇಳುವವರು ಹೆಚ್ಚಾದರು. ಅಪ್ಪ ಕೃಷ್ಣೆಯ ಕಡೆ ದೋಣಿಯ ಕೆಲಸಕ್ಕೆ ಹೋದ ಮೇಲೆ ಬಲೆ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಸಾಲೆಗೆ ಮುಂಚೆ ಕಾಲುವೆಯಲ್ಲಿ ಬೀಸುತ್ತಿದ್ದೆ.

ಕಾಲುವೆಯ ನೀರು ಹೊಳೆಯ ಹಾಗಲ್ಲ. ಕಲ್ಲು ಕಟ್ಟಿದ ದಂಡೆ, ಒಂದೇ ಸಮ ಓಟ. ಬಲೆ ತಳ ಮುಟ್ಟುವುದರೊಳಗೆ ಎಳೆದು ಎತ್ತಿಬಿಡುತ್ತಿತ್ತು, ಮೀನು ಅಡಿಯಿಂದ ನುಸುಳಿ ಹೋಗುತ್ತಿದ್ದವು. ಅದರ ಮೇಲೆ ಒಂದು ಮಗ್ಗುಲಿನ ಮಣ್ಣಿನ ಗುಂಡು ಆರು ಒಡೆದು ಹೋಗಿದ್ದವು. ಆ ಜಾಗದಲ್ಲಿ ಸೀಸ ಸುತ್ತಿದರೆ ಬಲೆ ತಳಕ್ಕೆ ಕೂಡುತ್ತದೆ ಅಂತ ಅಪ್ಪನೇ ಒಮ್ಮೆ ಅಂದಿದ್ದ.

ಒಂದು ಮುಂಜಾನೆ ಅವ್ವ ಇಲ್ಲದಾಗ ನಮ್ಮ ಕೇಜಿ ಕಲ್ಲನ್ನು ಬೋರಲು ಹಾಕಿ, ದಬ್ಬಣ ಇಟ್ಟು ಗುಂಡುಕಲ್ಲಿನಿಂದ ಹೊಡೆದೆ. ಸೀಸ ಬಿಲ್ಲೆಯ ಹಾಗೆ ಎದ್ದು ಬಂತು. ಕೊಯ್ದು, ಬಡಿದು, ಬಲೆಯ ಹಗ್ಗಕ್ಕೆ ಆರು ಕಡೆ ಮಡಿಚಿದೆ. ಮಾರನೆಯ ದಿನ ಬುಟ್ಟಿ ತುಂಬ ಜಿಲೇಬಿ ಮೀನು. ಅವ್ವ ನನ್ನ ತಲೆ ಸವರಿದಳು. ಎಷ್ಟು ಹಿಗ್ಗಿದ್ದೆ ಅಂತೀರಿ!

ಇಲ್ಲಿಗೆ ನಿಂತಿದ್ದರೆ ತಿಳಿಯದೆ ಮಾಡಿದ ತಪ್ಪು ಅಂತ ಅನ್ನಬಹುದಿತ್ತು. ಇಲ್ಲಿಗೆ ನಿಲ್ಲಲಿಲ್ಲ.

ಹಿಂದಿನ ಸಂತೆಯಲ್ಲಿ, ಗಿರಾಕಿ ಇಲ್ಲದ ಹೊತ್ತಿಗೆ, ಆಟಕ್ಕೆಂದು ಒಂದು ಪರಡಿಯಲ್ಲಿ ಕೇಜಿ ಕಲ್ಲು, ಇನ್ನೊಂದರಲ್ಲಿ ಎರಡು ಅರ್ಧ ಕೇಜಿ ಕಲ್ಲು ಇಟ್ಟೆ. ಅರ್ಧಗಳ ಕಡೆ ಇಳಿಯಿತು. ಪರಡಿ ಅದಲು ಬದಲು ಮಾಡಿದೆ. ಮತ್ತೆ ಅರ್ಧಗಳ ಕಡೆಯೇ ಇಳಿಯಿತು. ಆಗ ಗೊತ್ತಾಯಿತು ಆ ಸೀಸ ಯಾಕೆ ಇರುತ್ತದೆ ಅಂತ.

ಅಷ್ಟರಲ್ಲೇ ಹುಸೇನಬೀ ಕರೆದಳು. "ಬೇಟಿ, ರೇಣಮ್ಮಗ ಎರಡು ಕೇಜಿ ಬೇಕಂತ. ನನ್ನ ಕಡಿ ಒಂದೇ ಕಲ್ಲದ. ನಿಮ್ಮದೊಂದು ಕೊಡು."

ಸಂತೆಯಲ್ಲಿ ಕಲ್ಲು ಎರವಲು ಕೊಡುವುದು ದಿನದ ಮಾತು. ಅದಕ್ಕೊಂದು ರೀತಿ ಇದೆ. ಕಲ್ಲನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ ಬೀಳುತ್ತದೆ ಅನ್ನುತ್ತಾರೆ. ನೆಲಕ್ಕೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಾನು ಅರ್ಧ ಕೇಜಿಯ ಎರಡು ಕಲ್ಲು ಇಡಬಹುದಿತ್ತು. ಇಡಲಿಲ್ಲ. ಆ ಪೊಳ್ಳು ಕೇಜಿಯನ್ನೇ ನೆಲಕ್ಕಿಟ್ಟೆ.

ಸಂಜೆ ವಾಪಸ್ಸು ತರಲು ಹೋದಾಗ ಹುಸೇನಬೀ ನಮಾಜಿಗೆ ಎದ್ದಿದ್ದಳು. ಗೋಣಿಯ ಮೇಲೆ ಎರಡು ಕೇಜಿ ಕಲ್ಲು. ಒಂದರ ಮೂಲೆ ಚಕ್ಕೆ ಎದ್ದಿತ್ತು. ಅದು ಅವಳದು, ಎಷ್ಟೋ ವರ್ಷದಿಂದ ನೋಡಿದ್ದೆ. ಚಕ್ಕೆ ಇಲ್ಲದ್ದು ನಮ್ಮದು.

ನಾನು ಚಕ್ಕೆ ಎದ್ದದ್ದನ್ನು ಎತ್ತಿಕೊಂಡು ಬಂದೆ.

ಪೀಡೆ ತೊಲಗಿತು ಅಂದುಕೊಂಡೆ. ದೇವರಾಣೆ, ಹಾಗೆಯೇ ಅಂದುಕೊಂಡೆ.

"ಏ ಹುಡುಗಿ, ನಿದ್ದಿ ಹತ್ತೇದೇನು? ಪಾವ್ ಕೇಜಿ ಕೊಡಂದ್ರ!" ಕ್ಯಾಂಪಿನ ಹೆಂಗಸೊಬ್ಬಳು ಕೂಗಿದಳು. ಅವ್ವ ರೇಣಮ್ಮನ ಖಾನಾವಳಿಗೆ ಮೀನು ಕೊಡಲು ಹೋಗಿದ್ದಳು, ಬುಟ್ಟಿ ನನ್ನ ಮೇಲಿತ್ತು. ನಾನು ತೂಗಿದೆ, ಎಲೆಯಲ್ಲಿ ಕಟ್ಟಿದೆ. ಕಿವಿ ಮಾತ್ರ ಪಕ್ಕಕ್ಕೇ ಇತ್ತು.

"ಹುಸೇನಬೀ," ಜಗದೇವಪ್ಪನವರು ಪೆನ್ನು ತೆಗೆದರು. "ಪಂಚನಾಮಿ ಬರೀತೀನಿ. ಕಲ್ಲು ಜಪ್ತಿ. ಮ್ಯಾಲ ಕೇಸು. ಕೇಸು ಬಿದ್ದರ ಸಂತಿಯೊಳಗ ನಿಮ್ಮ ಜಾಗ ಉಳ್ಯಾಂಗಿಲ್ಲ, ನೋಡ್ರಿ."

ಬೇವಿನ ಮರದ ಕೆಳಗಿನ ಆ ಎರಡು ಮಾರು ಜಾಗ. ಇಪ್ಪತ್ತು ವರ್ಷದಿಂದ ಹುಸೇನಬೀ ಅಲ್ಲೇ ಕೂತು ಒಬ್ಬಳೇ ಬದುಕು ಎಳೆದವಳು. ಗಂಡ ಇಲ್ಲ, ಮಕ್ಕಳಿಲ್ಲ, ಆ ಜಾಗ ಬಿಟ್ಟರೆ ಅವಳಿಗೆ ಬೇರೆ ಏನೂ ಇರಲಿಲ್ಲ.

ಮೌನಪ್ಪ ಮುತ್ಯಾ ಅವಳೆದುರು ಕುಕ್ಕರಗಾಲಲ್ಲಿ ಕೂತ. "ಹುಸೇನಬೀ, ಈ ಕಲ್ಲು ನಿಂದೇ ಏನು?"

"ನನ್ನ ಗೋಣಿ ಮ್ಯಾಲ ಇತ್ತಂದ್ರ ನಂದೇ."

"ನಿನ್ನ ಕಲ್ಲು ನಾನೇ ಸೀಸ ಹೊಯ್ದದ್ದು. ಅದರ ಮೂಲಿ ಚಕ್ಕಿ ಎದ್ದಿತ್ತು. ಇದರದು ಎದ್ದಿಲ್ಲಲ?"

ಹುಸೇನಬೀ ಚೀಲದ ಬಾಯಿ ಸರಿ ಮಾಡಿದಳು.

"ಯಾರ ಕಡಿಂದರ ಎರವಲು ತಂದಿದ್ದೇನು?"

ಅವಳು ಒಮ್ಮೆ, ಒಂದೇ ಒಮ್ಮೆ, ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟು ಛಲೋ ಇತ್ತು!

"ಇಲ್ಲ ಮೌನಪ್ಪ. ಯಾರ ಕಡಿಂದೂ ತಂದಿಲ್ಲ."

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು.

ಮುತ್ಯಾ ಎದ್ದ. ಸೊಂಟ ಹಿಡಿದುಕೊಂಡು ನಿಧಾನಕ್ಕೆ ಬಂದು ನಮ್ಮ ಬುಟ್ಟಿಯ ಮುಂದೆ ಕೂತ. ಮುತ್ಯಾನ ಬಗ್ಗೆ ಸಂತೆಯಲ್ಲಿ ಒಂದು ಮಾತಿತ್ತು: ಅವನ ಹೆಸರೇ ಮೌನಪ್ಪ, ಆದರೆ ತಕ್ಕಡಿ ಅವನ ಹತ್ತಿರ ಮಾತಾಡುತ್ತದೆ.

"ರವು ಮೀನು ಹ್ಯಾಂಗವ್ವಾ? ಒಂದು ಕೇಜಿ ತೂಗು."

ನಾನು ಮೀನು ಆರಿಸಿದೆ. ಪರಡಿಗೆ ಕಲ್ಲು ಹಾಕಿದೆ. ಮುಳ್ಳು ನಿಂತಿತು. ಎಲೆ ಎಳೆದುಕೊಂಡೆ.

"ತಡಿ." ಮುತ್ಯಾ ಪರಡಿಯೊಳಗೆ ಬೆರಳು ತೋರಿಸಿದ. "ಎರಡು ಅರ್ಧ ಹಾಕಿದಿ. ಕೇಜಿ ಕಲ್ಲು ಇಲ್ಲೇನು ನಿಮ್ಮ ಕಡಿ?"

"ಅದ."

"ಎಲ್ಲದ?"

"ಗೋಣಿ ಕೆಳಗ."

"ಇದ್ದದ್ದನ್ನ ಗೋಣಿ ಕೆಳಗ ಮುಚ್ಚಿಟ್ಟು, ಎರಡೆರಡು ಕಲ್ಲು ಎತ್ತಿ ಎತ್ತಿ ಹಾಕಾಕತ್ತೀಯಲ್ಲ, ಕೈ ನೋಯಂಗಿಲ್ಲೇನು?"

ಕೈ ನೋಯುತ್ತಿರಲಿಲ್ಲ. ಆ ಚಕ್ಕೆ ಎದ್ದ ಕಲ್ಲನ್ನು ಮುಟ್ಟಲು ಆಗುತ್ತಿರಲಿಲ್ಲ. ಇಡೀ ಬೆಳಿಗ್ಗೆ ಒಮ್ಮೆಯೂ ಮುಟ್ಟಿರಲಿಲ್ಲ.

"ಹಂಗೇ," ಅಂದೆ.

ಮುತ್ಯಾ ಅವಸರ ಮಾಡಲಿಲ್ಲ. ಬಾಗಿ ಬೋಗುಣಿಯ ಮೇಲಿನ ಗೋಣಿ ನೋಡಿದ. "ಇದರಾಗ ಏನದ?"

"ಬಲಿ."

"ಅಪ್ಪನ ಬಲಿ? ಸಂತಿಗೆ ಯಾಕ ತಂದಿ?"

"ಮುಂಜಾನೆ ಹಿಡಿದು ಹಂಗೇ ಬಂದೀನಿ."

"ಕಾಲುವಿಯಾಗ ಬೀಸ್ತೀ? ಕಾಲುವಿ ನೀರು ಬಲಿ ಕೂಡಗೊಡಂಗಿಲ್ಲಲ್ಲ."

ಮುತ್ಯಾ ಗೋಣಿ ಎತ್ತಿ ನೋಡಬಹುದಿತ್ತು, ಕೈ ಅಷ್ಟೇ ದೂರದಲ್ಲಿತ್ತು. ಎತ್ತಲಿಲ್ಲ. ಕೈ ಕಟ್ಟಿಕೊಂಡು ಕೂತ.

"ನಾ ಎತ್ತಾಂಗಿಲ್ಲವ್ವಾ," ಅಂದ ಮೆಲ್ಲಗೆ. "ಎತ್ತಿದರ ನಾ ಹಿಡಿದಂಗ ಆಗ್ತದ. ಜಗದೇವಪ್ಪ ಸಾಹೇಬ್ರ ಪೆನ್ನು ಇನ್ನೂ ಸಹಿ ತನಕ ಬಂದಿಲ್ಲ. ಹುಸೇನಬೀ ಹೆಬ್ಬಟ್ಟು ಒತ್ತಿದಳಂದ್ರ ಮುಗೀತು."

ನಾನು ಪಕ್ಕಕ್ಕೆ ನೋಡಿದೆ. ಹುಸೇನಬೀಯ ಬಲಗೈ ಹೆಬ್ಬೆರಳಿಗೆ ಯಾರೋ ಮಸಿ ಹಚ್ಚುತ್ತಿದ್ದರು.

ಹೇಳಿದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಕಲ್ಲು ನಮ್ಮದು. ಕೇಸು ಅವ್ವನ ಮೇಲೆ. ನಮ್ಮ ಜಾಗ ಹೋಗುತ್ತದೆ. "ಥೂ ಕಳ್ಳಿ" ಅನ್ನುವ ಅದೇ ಬಾಯಿಗಳು ಇತ್ತ ತಿರುಗುತ್ತವೆ. ಅವ್ವ ಖಾನಾವಳಿಯಿಂದ ಖಾಲಿ ಬುಟ್ಟಿ ಹಿಡಿದು ನಗುತ್ತ ಬರುತ್ತಾಳೆ, ಬಂದು ಇದನ್ನು ನೋಡುತ್ತಾಳೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಹುಸೇನಬೀ ಬಾಯಿ ಬಿಡುವುದಿಲ್ಲ. ಮುತ್ಯಾನೂ ಗೋಣಿ ಎತ್ತುವುದಿಲ್ಲ. ಏನೂ ಆಗುವುದಿಲ್ಲ ಅನ್ನುವುದೇ ನನಗೆ ತಡೆಯದಾಯಿತು.

"ಅರ್ಧ ಕೇಜಿ ಜಿಲೇಬಿ ಕೊಡವಾ, ಲಗೂನ!" ಗಿರಾಕಿಯೊಬ್ಬ ಚೀಲ ಚಾಚಿದ.

"ಇವತ್ತು ಇಲ್ಲ," ಅಂದೆ. ಮೀನು ಬುಟ್ಟಿ ತುಂಬ ಇತ್ತು. ಅವನು ಗೊಣಗುತ್ತ ಹೋದ.

ಬೋಗುಣಿಯೊಳಗೆ ಕೈ ಹಾಕಿದೆ. ಬಲೆಯ ಅಂಚು ಹುಡುಕಿ, ಹಲ್ಲಿನಿಂದ ಮಡಿಕೆ ಬಿಚ್ಚಿ, ಒಂದೊಂದೇ ಸೀಸದ ಗುಂಡು ಕಿತ್ತೆ. ಕೈಯೆಲ್ಲ ಮೀನಿನ ಲೋಳೆ, ಕಣ್ಣಲ್ಲಿ ನೀರು. ಐದು ಬಂದವು. ಆರನೆಯದು ಬಿಗಿಯಾಗಿತ್ತು, ಅದಕ್ಕೆ ಹಗ್ಗವನ್ನೇ ಕೊಯ್ದೆ. ಗೋಣಿ ಕೆಳಗಿನ ಚಕ್ಕೆ ಕಲ್ಲನ್ನೂ ಎತ್ತಿಕೊಂಡೆ.

ಎದ್ದು ಹೋಗಿ ಎಲ್ಲವನ್ನೂ ಜಗದೇವಪ್ಪನವರ ಮುಂದೆ ನೆಲಕ್ಕಿಟ್ಟೆ. ಕೈಗೆ ಕೊಡಲಿಲ್ಲ, ರೀತಿ ರೀತಿಯೇ.

"ಸಾಹೇಬ್ರ, ಹೆಬ್ಬಟ್ಟು ಒತ್ತಿಸಬ್ಯಾಡ್ರಿ. ಆ ಕಲ್ಲು ನಮ್ಮದು. ಸೀಸ ತೆಗದಾಕಿ ನಾನೇ. ಈ ಚಕ್ಕಿ ಎದ್ದದ್ದು ಹುಸೇನಬೀ ಖಾಲಾಂದು. ಗೊತ್ತಿದ್ದೇ ಬದಲಿ ಮಾಡೀನಿ."

ಎಲ್ಲರೂ ಒಟ್ಟಿಗೆ ಬೈಯಲು ಶುರು ಮಾಡಿದರು.

"ಬೇಟಿ!" ಹುಸೇನಬೀ ಮಸಿ ಹತ್ತಿದ ಕೈಯಿಂದಲೇ ನನ್ನ ತೋಳು ಹಿಡಿದಳು. "ನಾ ಹೇಳಿನ್ನಲ್ಲ ನಂದೇ ಅಂತ? ನಿನಗ್ಯಾರು ಕೇಳಿದ್ರು?"

"ನಿಮಗ ಗೊತ್ತಿತ್ತೇನ್ರಿ ಖಾಲಾ?"

"ನನ್ನ ಕಲ್ಲಿನ ಚಕ್ಕಿ ನನಗ ಗೊತ್ತಿಲ್ಲೇನು? ಅವತ್ತ ರಾತ್ರಿನೇ ನೋಡೀನಿ. ಸಣ್ಣ ಹುಡುಗಿ, ಹೆಸರು ಕೆಡ್ತದ ಅಂತ..."

"ನೀನೂ ಸುಳ್ಳು ಹೇಳಿದಿ ಹುಸೇನಬೀ," ಅಂದ ಮುತ್ಯಾ. "ಆ ಪೊಳ್ಳು ಕಲ್ಲಿನಿಂದ ಇವತ್ತು ಮುಂಜಾನಿಂದ ಎಷ್ಟು ಮಂದಿಗೆ ತೂಗಿದಿ?"

ಅವಳು ತಲೆ ತಗ್ಗಿಸಿದಳು. "ಒಂದೊಂದು ಮುಷ್ಟಿ ಕೊಸರು ಹೆಚ್ಚಿಗೇನೇ ಹಾಕೀನಿ. ಯಾರಿಗೂ ಕಮ್ಮಿ ಹೋಗಬಾರದು ಅಂತ."

"ಮುಷ್ಟಿ ತೂಕ ಅಲ್ಲ," ಅಂದ ಮುತ್ಯಾ. ಅಷ್ಟಂದು ಬಿಟ್ಟ.

ಜಗದೇವಪ್ಪನವರು ಚಕ್ಕೆ ಕಲ್ಲನ್ನು ಹಿತ್ತಾಳೆಯ ಎದುರು ಇಟ್ಟರು. ಮುಳ್ಳು ಅಲುಗಾಡಿ, ನಿಧಾನಿಸಿ, ನೆಟ್ಟಗೆ ನಿಂತಿತು. ತಳ ತಿರುವಿ ನೋಡಿದರು. ಮುದ್ರೆ ಸರಿಯಾಗಿತ್ತು.

"ಬರೋಬ್ಬರಿ ಅದ," ಅಂದರು. ಬರೆದ ಕಾಗದವನ್ನು ಅಡ್ಡ ಗೀಟು ಹಾಕಿ ಮಡಿಚಿದರು. "ಹುಸೇನಬೀ, ನಿಮ್ಮ ಕಲ್ಲು ತಗೋರಿ. ಅನುಮಾನ ಬಂದ ಕಲ್ಲಿನಾಗ ಇನ್ನೊಮ್ಮೆ ತೂಗಬ್ಯಾಡ್ರಿ."

ಖಾನಾವಳಿ ರೇಣಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡು ನಿಂತಿದ್ದಳು. "ಥೂ ಕಳ್ಳಿ" ಅಂದವರು ಒಬ್ಬೊಬ್ಬರೇ ಈರುಳ್ಳಿಯ ಕಡೆ ಮುಖ ತಿರುಗಿಸಿದರು.

ಮುಗಿಯಿತು ಅಂದುಕೊಂಡೆ. ಇನ್ನು ನನಗೆ ಶಿಕ್ಷೆ, ಅವ್ವನಿಗೆ ಅವಮಾನ, ಆಗಲಿ. ಎದೆಯ ಮೇಲಿನ ಒಂದು ಚಪ್ಪಡಿ ಇಳಿದಿತ್ತು. ಮಾಡಿದ್ದನ್ನು ಉಣ್ಣಬೇಕು, ಉಣ್ಣೋಣ.

ಮುತ್ಯಾ ಮಾತ್ರ ಎದ್ದಿರಲಿಲ್ಲ. ನನ್ನ ಆರು ಸೀಸದ ಗುಂಡುಗಳನ್ನು ಧೋತರದ ಅಂಚಿನಲ್ಲಿ ಒರೆಸಿ, ತಕ್ಕಡಿಗೆ ಹಾಕಿದ.

"ಇಪ್ಪತ್ತೈದು ಗ್ರಾಂ," ಅಂದ. "ಸುಗಲಿ, ಸೀಸ ಇನ್ನೆಲ್ಲದ?"

"ಇಷ್ಟೇ ಮುತ್ಯಾ."

"ಎಪ್ಪತ್ತು ಕಮ್ಮಿ ಅದ. ಇನ್ನೂ ನಲವತ್ತೈದು?"

"ದೇವರಾಣಿ, ಇಷ್ಟೇ ಬಂತು. ಮ್ಯಾಲ ತೆಳ್ಳಗ ಸೀಸ ಇತ್ತು. ಅದರ ಕೆಳಗ ಕರ್ರಗ, ಅಂಟಂಟು... ಅರಗಿನಂಗ ಏನೋ ಇತ್ತು. ಹಗೂರ ಇತ್ತು. ಅದನ್ನ ಕಾಲುವಿಗೆ ಒಗದೀನಿ."

ಮುತ್ಯಾನ ಕೈ ನಿಂತಿತು. ಜಗದೇವಪ್ಪನವರು ಪೆಟ್ಟಿಗೆ ಮುಚ್ಚುತ್ತಿದ್ದವರು ಮತ್ತೆ ತೆಗೆದರು.

"ಅರಗು?" ಅಂದರು. "ಸೀಸದ ಕೆಳಗ ಅರಗು ಯಾಕಿರ್ತದ? ಅರಗು ಅಂದ್ರ ಐದು ಗ್ರಾಂ ತೂಗೀತು. ಉಳಿದ ನಲವತ್ತು?"

"ಉಳಿದದ್ದು ಈ ಹುಡುಗಿ ಮುಟ್ಟೋಕಿಂತ ಮೊದಲೇ ಇರಲಿಲ್ಲ ಸಾಹೇಬ್ರ," ಅಂದ ಮುತ್ಯಾ. "ಯಾರೋ ಸೀಸ ಪೂರ್ತಿ ತೆಗೆದಾರ. ಹೊಟ್ಟಿಗೆ ಅರಗು ತುಂಬ್ಯಾರ. ಬಾಯಿಗೆ ಮಾತ್ರ ತೆಳ್ಳಗ ಸೀಸ ಮುಚ್ಚ್ಯಾರ. ಮ್ಯಾಲಿಂದ ನೋಡಿದರ ಬೇಶ್ ಕಲ್ಲು. ಕೇಜಿಗೆ ನಲವತ್ತು ಗ್ರಾಂ ದಿನಾ ಹೊಡೀಬೌದು."

"ಆದರ ಮ್ಯಾಲ ಮುದ್ರಿ ಇತ್ತೇನು?" ಜಗದೇವಪ್ಪನವರು ನನ್ನನ್ನು ಕೇಳಿದರು.

"ಇತ್ರಿ." ನಾನು ಆರನೆಯ ಗುಂಡು ಆರಿಸಿದೆ. "ಇದನ್ನ ಬಡೀಲಿಲ್ಲ. ಮ್ಯಾಲ ಗಾಳದಂಥ ಚಿತ್ರ ಇತ್ತು. ಮೀನಿಗೆ ಛಲೋ ಶಕುನ ಅಂತ ಹಂಗೇ ಇಟ್ಟೀನಿ."

ಮುತ್ಯಾ ಅಂಗಿಯ ಕಿಸೆಯಿಂದ ಭೂತಗನ್ನಡಿ ತೆಗೆದ. ಸೀಸದ ಮಡಿಕೆಯನ್ನು ಉಗುರಿನಿಂದ ಬಿಡಿಸಿ ಬಿಸಿಲಿಗೆ ಹಿಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹುಸೇನಬೀಯ ಚಕ್ಕೆ ಕಲ್ಲನ್ನು ಬೋರಲು ಮಾಡಿ ಪಕ್ಕದಲ್ಲಿಟ್ಟು, ನನ್ನನ್ನು ಕರೆದ.

"ಇಲ್ಲಿ ನೋಡು. ಇದು ಖರೆ ಮುದ್ರಿ. ಎಂಬತ್ತೇಳನೇ ಇಸವಿದು. ಮೊದಲ ಎಂಟು, ಆಮ್ಯಾಲ ಏಳು. ಈಗ ನಿಂದು ನೋಡು."

ನೋಡಿದೆ. ನನ್ನ ಗಾಳ ಗಾಳವಲ್ಲ. ಅದೊಂದು ಏಳು, ಉಲ್ಟಾ ತಿರುಗಿದ ಏಳು, ಎಂಟಿನ ಮುಂದೆ ನಿಂತಿತ್ತು.

"ಮುದ್ರಿ ಕೆತ್ತೋರು ಅಂಕಿ ಉಲ್ಟಾ ಕೆತ್ತಬೇಕು, ಆಗ ಒತ್ತಿದರ ಸುಲ್ಟಾ ಬರ್ತದ," ಅಂದ ಮುತ್ಯಾ. "ಇವ ಸುಲ್ಟಾ ಕೆತ್ತ್ಯಾನ. ಒತ್ತಿದಾಗ ಉಲ್ಟಾ ಬಂದದ. ಕಳ್ಳ ಮುದ್ರಿ, ಸಾಹೇಬ್ರ. ಇಂಥ ಮುದ್ರಿ ಕೆತ್ತಿ ಒಂದೇ ಕಲ್ಲಿಗೆ ಒತ್ತಿ ಕೂಡಂಗಿಲ್ಲ ಯಾರೂ. ಶಹಾಪುರ, ಸುರಪುರ, ಯಾದಗಿರಿ, ಎಷ್ಟು ತಕ್ಕಡಿಯಾಗ ಕುಂತಾವೋ."

ಜಗದೇವಪ್ಪನವರ ಮುಖ ಕಪ್ಪಿಟ್ಟಿತು. ಸುತ್ತಲಿನ ಅಂಗಡಿಯವರು ತಮ್ಮ ತಮ್ಮ ಕಲ್ಲುಗಳ ಕಡೆ ನೋಡಿಕೊಂಡರು. ಬೆಳ್ಳುಳ್ಳಿಯವನೊಬ್ಬ ಕಾಲಿನಿಂದ ತನ್ನದನ್ನು ಚೀಲದ ಕೆಳಗೆ ಸರಿಸಿದ್ದನ್ನು ನಾನು ಕಂಡೆ.

"ಹುಡುಗಿ," ಜಗದೇವಪ್ಪನವರು ನನ್ನ ಮುಂದೆ ಬಾಗಿದರು. ಈಗ ದನಿ ಮೆತ್ತಗಿತ್ತು. "ನೀ ಖರೆ ಹೇಳಿದಿ. ಅದಕ್ಕ ಇಷ್ಟು ಹೊರಗ ಬಂತು. ಇನ್ನೊಂದು ಹೇಳು. ಈ ಕಲ್ಲು ನಿಮ್ಮ ಮನಿಗೆ ತಂದವರು ಯಾರು?"

ನನಗೆ ಗೊತ್ತಿತ್ತು. ಹೋದ ವರ್ಷ, ಅಪ್ಪ ದೋಣಿಗೆ ಹೋದ ವಾರವೇ, ಅರಿವೆಯಲ್ಲಿ ಸುತ್ತಿಕೊಂಡು ಬಂದಿದ್ದ. "ಅಕ್ಕಾ, ನಿನ್ನ ಹಳೇ ಕಲ್ಲು ಒಡಕು. ಹೊಸಾದು ತಂದೀನಿ, ಮುದ್ರಿ ಸೈತ ಅದ," ಅಂದಿದ್ದ. ನನಗೆ ಬೆಲ್ಲದ ಉಂಡೆ ತಂದಿದ್ದ. ಕಾಲುವೆಯಲ್ಲಿ ಬಲೆ ಬೀಸುವುದನ್ನು ಕಲಿಸಿದವನೂ ಅವನೇ. ಹುಲಗಪ್ಪ ಮಾಮಾ. ಅವ್ವನ ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ.

ಬಾಯಿ ತೆರೆದೆ. ಹಿಂದೆ ಬುಟ್ಟಿ ಬಿದ್ದ ಸಪ್ಪಳವಾಯಿತು.

ಅವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಖಾಲಿ ಬುಟ್ಟಿ ಉರುಳಿ ಹುಸೇನಬೀಯ ಮೆಣಸಿನಕಾಯಿಗೆ ತಗುಲಿ ನಿಂತಿತು. ಅವ್ವ ಅದನ್ನು ನೋಡಲಿಲ್ಲ. ಸೀಸದ ಚೂರನ್ನೂ ನೋಡಲಿಲ್ಲ. ನನ್ನನ್ನೇ ನೋಡಿದಳು. ಅದೇನು ಸೀಸ, ಅದೇನು ಮುದ್ರೆ ಅಂತ ಒಂದು ಮಾತು ಕೂಡ ಕೇಳಲಿಲ್ಲ, ಮೊದಲೇ ಗೊತ್ತಿದ್ದವಳ ಹಾಗೆ.

"ಸುಗಲಿ," ಅಂದಳು ಅವ್ವ, "ಬಾಯಿ ಮುಚ್ಚು."

ಜಗದೇವಪ್ಪನವರ ಪೆನ್ನಿನ ಮುಚ್ಚಳ ಇನ್ನೂ ತೆಗೆದೇ ಇತ್ತು. ಮುತ್ಯಾ ಮತ್ತೆ ಕೈ ಕಟ್ಟಿಕೊಂಡು ಕೂತ. ಖರೆ ಒಮ್ಮೆ ಹೇಳಿದರೆ ಸಾಕು ಅಂತ ನಾನು ತಿಳಿದಿದ್ದೆ.